ಒಂದೇ ಜೀನ್, ಒಂದೇ ಪ್ರೊಮೋಟರ್: ಕೆಂಪು ರಕ್ತಕಣದಲ್ಲಿ ಮಾತ್ರ ಅದನ್ನು ಆಫ್ ಮಾಡಿದ್ದು ಹೇಗೆ?

ಪ್ರಶ್ನೆ: ಸಿಕಲ್ ಸೆಲ್ ಕಾಯಿಲೆಗೆ ಬಂದಿರುವ ಹೊಸ ಕ್ರಿಸ್ಪರ್ ಚಿಕಿತ್ಸೆಯಲ್ಲಿ ಬಿಸಿಎಲ್11ಎ ಅನ್ನೋ ಜೀನನ್ನು ಆಫ್ ಮಾಡ್ತಾರಂತೆ. ಆದರೆ ಜೀನನ್ನೇ ಕತ್ತರಿಸದೆ, ಅದರೊಳಗೆ ಪ್ರೋಟೀನಿಗೆ ಸಂಬಂಧವೇ ಇಲ್ಲದ ಒಂದು ಜಾಗ ಕತ್ತರಿಸ್ತಾರೆ ಅಂತ ಓದಿದೆ. ಅದರಿಂದ ಕೆಂಪು ರಕ್ತಕಣದಲ್ಲಿ ಮಾತ್ರ ಜೀನ್ ಆಫ್ ಆಗುತ್ತಂತೆ. ಡಿಎನ್‌ಎ ಎಲ್ಲ ಕಣಕ್ಕೂ ಒಂದೇ, ಪ್ರೊಮೋಟರ್ ಕೂಡ ಒಂದೇ ಅಲ್ವಾ? ಹಾಗಿದ್ದ ಮೇಲೆ ಇದು ಹೇಗೆ ಸಾಧ್ಯ? ಕಾಂಡಕೋಶದಲ್ಲೇ ಕತ್ತರಿಸಿದ ಮೇಲೆ ಬಿಳಿ ರಕ್ತಕಣಗಳಿಗೂ ಏಟು ಬೀಳಬೇಕಲ್ಲ?

ಉತ್ತರ:

ನಿಮ್ಮ ಕೊನೆಯ ಸಂದೇಹದಲ್ಲೇ ವಿಷಯದ ತಿರುಳಿದೆ. ಹೌದು, ಕತ್ತರಿಸಿದ ಗುರುತು ಬಿಳಿ ರಕ್ತಕಣಗಳ ಡಿಎನ್‌ಎಯಲ್ಲೂ ಇರುತ್ತದೆ. ಆದರೂ ಅವುಗಳಿಗೆ ಏನೂ ಆಗುವುದಿಲ್ಲ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಮೊದಲು ಈ ಜೀನ್ ಏನು ಮಾಡುತ್ತದೆ ಅಂತ ನೋಡಬೇಕು.

ಹೊಟ್ಟೆಯಲ್ಲಿರುವ ಮಗುವಿನ ರಕ್ತದಲ್ಲಿ ಇರುವುದು ಭ್ರೂಣದ ಹಿಮೋಗ್ಲೋಬಿನ್. ಅದರಲ್ಲಿ ಗಾಮಾ ಸರಪಳಿ ಇರುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಗಾಮಾ ಕಡಿಮೆಯಾಗುತ್ತಾ ಬಂದು, ಆ ಜಾಗಕ್ಕೆ ಬೀಟಾ ಸರಪಳಿ ಬರುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ದೋಷ ಇರುವುದು ಬೀಟಾದಲ್ಲಿ. ಅದಕ್ಕೇ ಹುಟ್ಟಿದ ಕೂಡಲೇ ಮಗುವಿಗೆ ತೊಂದರೆ ಕಾಣುವುದಿಲ್ಲ, ಗಾಮಾ ಇಳಿದ ಮೇಲೆ ಕಾಣುತ್ತದೆ. ಈ ಗಾಮಾ ಜೀನನ್ನು ಅದುಮಿ ಹಿಡಿಯುವ ಪ್ರೋಟೀನೇ ಬಿಸಿಎಲ್11ಎ. ಗಾಮಾ ಜೀನಿನ ಪ್ರೊಮೋಟರಿನಲ್ಲಿರುವ `TGACCA` ಎಂಬ ಆರಕ್ಷರದ ಜಾಗಕ್ಕೆ ಅಂಟಿಕೊಂಡು ಅದು ಕೆಲಸ ನಿಲ್ಲಿಸುತ್ತದೆ. ಬಿಸಿಎಲ್11ಎ ಕಡಿಮೆಯಾದರೆ ಗಾಮಾ ಮತ್ತೆ ತಯಾರಾಗುತ್ತದೆ, ಕೆಟ್ಟ ಬೀಟಾದ ಪ್ರಭಾವ ತಗ್ಗುತ್ತದೆ. ಬಿಸಿಎಲ್11ಎ ಗಾಮಾವನ್ನು ಅದುಮುತ್ತದೆ ಅನ್ನುವುದು 2008ರ ಹೊತ್ತಿಗೇ ಗೊತ್ತಾಗಿತ್ತು, ಅದು ಅಂಟಿಕೊಳ್ಳುವ ಆ ಜಾಗ ಗೊತ್ತಾದದ್ದು 2018ರಲ್ಲಿ.

ಹಾಗಾದರೆ ಜೀನನ್ನೇ ಮುರಿದುಬಿಡಬಹುದಿತ್ತಲ್ಲ? ಆಗುವುದಿಲ್ಲ. ಬಿಸಿಎಲ್11ಎ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೂ ಬೇಕು. ಈ ಜೀನ್ ಇಲ್ಲದ ಇಲಿಮರಿಗಳಲ್ಲಿ ಬಿ ಕಣಗಳೇ ಹುಟ್ಟುವುದಿಲ್ಲ, ಮರಿಗಳೂ ಬದುಕುವುದಿಲ್ಲ. ರಕ್ತದ ಕಾಂಡಕೋಶಗಳು ಸರಿಯಾಗಿ ಕೆಲಸ ಮಾಡುವುದಕ್ಕೂ ಅದು ಬೇಕು. ಮೆದುಳು ಬೆಳೆಯುವಾಗಲೂ ಬೇಕು. ಮೆದುಳಿನ ಚಿಂತೆ ಈ ಚಿಕಿತ್ಸೆಯಲ್ಲಿಲ್ಲ, ಯಾಕೆಂದರೆ ಕಣಗಳನ್ನು ದೇಹದಿಂದ ಹೊರಗೆ ತೆಗೆದು ಬದಲಾಯಿಸುತ್ತಾರೆ. ಆದರೆ ಕಾಂಡಕೋಶ ಮತ್ತು ಬಿ ಕಣದ ಚಿಂತೆ ನಿಜವಾದದ್ದು. ಬೇಕಾಗಿದ್ದದ್ದು ಕೆಂಪು ಕಣದಲ್ಲಿ ಮಾತ್ರ ಆಫ್ ಆಗುವ ಒಂದು ದಾರಿ.

ಈಗ ನಿಮ್ಮ ಪ್ರೊಮೋಟರ್ ಪ್ರಶ್ನೆಗೆ ಬರುತ್ತೇನೆ. ಪ್ರೊಮೋಟರ್ ಅಂದರೆ ಜೀನ್ ಶುರುವಾಗುವ ಕಡೆ ಇರುವ ಡಿಎನ್‌ಎ ತುಂಡು. ಆರ್‌ಎನ್‌ಎ ಪ್ರತಿ ತೆಗೆಯುವ ಯಂತ್ರ, ಅಂದರೆ ಆರ್‌ಎನ್‌ಎ ಪಾಲಿಮರೇಸ್, ಬಂದು ಕೂರುವುದು ಅಲ್ಲಿ. ಎಲ್ಲಿಂದ ಶುರು, ಯಾವ ದಿಕ್ಕಿಗೆ ಅನ್ನುವುದನ್ನು ಪ್ರೊಮೋಟರ್ ಹೇಳುತ್ತದೆ. ಆದರೆ ಸುಮ್ನೆ ಬಿಟ್ಟರೆ ಬಹಳಷ್ಟು ಪ್ರೊಮೋಟರುಗಳಿಂದ ಬರುವ ಆರ್‌ಎನ್‌ಎ ತೀರಾ ಕಡಿಮೆ. ಯಾವ ಅಂಗಾಂಶದಲ್ಲಿ, ಎಷ್ಟು ಜೋರಾಗಿ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಎನ್‌ಹ್ಯಾನ್ಸರ್. ಇದೂ ಡಿಎನ್‌ಎಯ ತುಂಡೇ. ಜೀನಿನ ಹಿಂದೆ, ಮುಂದೆ, ಒಳಗೆ, ಎಲ್ಲಿ ಬೇಕಾದರೂ ಇರಬಹುದು. ಒಂದು ಜೀನಿಗೆ ಹಲವು ಎನ್‌ಹ್ಯಾನ್ಸರ್ ಇರಬಹುದು, ಒಂದೊಂದೂ ಒಂದೊಂದು ಅಂಗಾಂಶಕ್ಕೆ.

ಬಿಸಿಎಲ್11ಎ ಜೀನಿನಲ್ಲಿ ಕೆಂಪು ಕಣದ ಎನ್‌ಹ್ಯಾನ್ಸರ್ ಇರುವುದು ಜೀನಿನ ಒಳಗೇ, ಎರಡನೇ ಇಂಟ್ರಾನಿನಲ್ಲಿ. ಇಂಟ್ರಾನ್ ಅಂದರೆ ಆರ್‌ಎನ್‌ಎ ಆದ ಮೇಲೆ ಕತ್ತರಿಸಿ ಎಸೆಯುವ ಭಾಗ, ಪ್ರೋಟೀನಿನಲ್ಲಿ ಅದು ಇರುವುದಿಲ್ಲ. 2013ರಲ್ಲಿ ಬಾಸ್ಟನ್ನಿನ ಡೇನಿಯಲ್ ಬಾವರ್, ಸ್ಟುವರ್ಟ್ ಆರ್ಕಿನ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ಕೆಂಪು ಕಣ ಆಗಲಿರುವ ಕಣಗಳಲ್ಲಿ ಈ ಇಂಟ್ರಾನಿನ ಮೂರು ಜಾಗಗಳು ತೆರೆದುಕೊಂಡಿದ್ದವು. ಜೀನ್ ಶುರುವಾಗುವ ಜಾಗದಿಂದ 55, 58 ಮತ್ತು 62 ಸಾವಿರ ಅಕ್ಷರ ದೂರದಲ್ಲಿ ಇದ್ದುದರಿಂದ ಅವುಗಳನ್ನು +55, +58, +62 ಅಂತಲೇ ಕರೆಯುತ್ತಾರೆ.

"ತೆರೆದುಕೊಳ್ಳುವುದು" ಅಂದರೇನು? ಡಿಎನ್‌ಎ ಜೀವಕೋಶದಲ್ಲಿ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತಿದ ಜಾಗಕ್ಕೆ ಬೇರೆ ಪ್ರೋಟೀನ್ ಹತ್ತಿರ ಹೋಗುವುದು ಕಷ್ಟ. ಯಾವುದಾದರೂ ಪ್ರೋಟೀನ್ ಬಂದು ಅಂಟಿಕೊಂಡು ಕೆಲಸ ಮಾಡುತ್ತಿರುವ ಕಡೆ ಆ ಸುತ್ತು ಸಡಿಲವಾಗಿರುತ್ತದೆ. ಡಿಎನ್‌ಏಸ್ 1 ಎಂಬ ಕಿಣ್ವ ಹಾಕಿದರೆ ಅದು ಸಡಿಲವಾದ ಜಾಗವನ್ನು ಬೇಗ ಕತ್ತರಿಸುತ್ತದೆ. ಎಲ್ಲಿ ಕತ್ತರಿಸಿತು ಅಂತ ಓದಿದರೆ ತೆರೆದ ಜಾಗಗಳ ನಕ್ಷೆ ಸಿಗುತ್ತದೆ. ಕೆಂಪು ಕಣದ ನಕ್ಷೆಯಲ್ಲಿ ಈ ಮೂರು ಜಾಗ ತೆರೆದಿವೆ. ಬಿ ಕಣದ ನಕ್ಷೆಯಲ್ಲಿ ಅದೇ ಮೂರು ಜಾಗ ಹಾಗೆ ತೆರೆದಿಲ್ಲ.

ಆದರೆ ತೆರೆದಿದೆ ಅಂದ ಮಾತ್ರಕ್ಕೆ ಎನ್‌ಹ್ಯಾನ್ಸರ್ ಅಂತ ಹೇಳುವ ಹಾಗಿಲ್ಲ. ಅದಕ್ಕೆ ಒಂದು ನೇರವಾದ ಪರೀಕ್ಷೆ ಇದೆ. ಅನುಮಾನ ಇರುವ ತುಂಡನ್ನು, ರಕ್ತಕ್ಕೆ ಸಂಬಂಧವೇ ಇಲ್ಲದ ಒಂದು ಸಾಮಾನ್ಯ ಪ್ರೊಮೋಟರ್ ಜೊತೆಗೆ ಸೇರಿಸಿ, ಮುಂದೆ ಲ್ಯಾಕ್‌ಝಡ್ ಎಂಬ ಬ್ಯಾಕ್ಟೀರಿಯಾದ ಜೀನ್ ಇಟ್ಟು, ಇಲಿಯ ಒಂದೇ ಕಣದ ಭ್ರೂಣಕ್ಕೆ ಚುಚ್ಚುತ್ತಾರೆ. ಸುಮಾರು ಹನ್ನೆರಡು ದಿನ ಬೆಳೆದ ಮೇಲೆ ಭ್ರೂಣವನ್ನು ಎಕ್ಸ್-ಗ್ಯಾಲ್ ಎಂಬ ದ್ರಾವಣದಲ್ಲಿ ನೆನೆಸುತ್ತಾರೆ. ಲ್ಯಾಕ್‌ಝಡ್ ಆನ್ ಆದ ಕಡೆ ಮಾತ್ರ ನೀಲಿ ಬಣ್ಣ ಬರುತ್ತದೆ. ಇಂಥ ಭ್ರೂಣವನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ನನಗೆ ಇನ್ನೂ ನೆನಪಿದೆ. ಬೇಳೆ ಕಾಳಿಗಿಂತ ಸ್ವಲ್ಪ ದೊಡ್ಡದು, ಹಾಲುಬಣ್ಣ, ಅದರ ಒಂದೇ ಒಂದು ಕಡೆ ಬಟ್ಟೆಗೆ ಹಾಕುವ ನೀಲಿಯಂಥ ಕಲೆ. ಉಳಿದ ಮೈಯೆಲ್ಲ ಬಿಳಿ. ಆ ನೀಲಿ ಜಾಗದಲ್ಲೂ ಬಿಳಿ ಜಾಗದಲ್ಲೂ ಇದ್ದದ್ದು ಅದೇ ಡಿಎನ್‌ಎ.

ಬಿಸಿಎಲ್11ಎಯ ಈ ಇಂಟ್ರಾನ್ ತುಂಡನ್ನು ಹೀಗೆ ಪರೀಕ್ಷಿಸಿದಾಗ ನೀಲಿ ಬಂದದ್ದು ಭ್ರೂಣದ ಯಕೃತ್ತಿನಲ್ಲಿ. ಆ ವಯಸ್ಸಿನಲ್ಲಿ ಕೆಂಪು ಕಣ ತಯಾರಾಗುವುದು ಮಜ್ಜೆಯಲ್ಲಲ್ಲ, ಯಕೃತ್ತಿನಲ್ಲಿ. ದೊಡ್ಡ ಇಲಿಗಳಲ್ಲಿ ಕಣಗಳನ್ನು ಬೇರ್ಪಡಿಸಿ ನೋಡಿದಾಗಲೂ ಅಷ್ಟೇ: ಕೆಂಪು ಕಣದ ಪೂರ್ವಜರಲ್ಲಿ ಜೀನ್ ಆನ್, ಬಿ ಕಣದಲ್ಲಿ ಇಲ್ಲ. ಪ್ರೊಮೋಟರ್ ಬೇರೆ ಕಡೆಯಿಂದ ತಂದದ್ದು, ಜೀನ್ ಬ್ಯಾಕ್ಟೀರಿಯಾದ್ದು. ಅಂದ ಮೇಲೆ "ಕೆಂಪು ಕಣದಲ್ಲಿ" ಅನ್ನುವ ಸೂಚನೆ ಇದ್ದದ್ದು ಇಂಟ್ರಾನಿನ ಆ ತುಂಡಿನಲ್ಲೇ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಆ ತುಂಡು ಕೂಡ ಎಲ್ಲ ಕಣದಲ್ಲೂ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಬೇರೆ ಬೇರೆ ಆಗಿರುವುದು ಅದನ್ನು ಓದುವವರು. ಇಲ್ಲಿ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು ಬರುತ್ತವೆ. ಇವು ಡಿಎನ್‌ಎಯಲ್ಲಿ ಚಿಕ್ಕ ಚಿಕ್ಕ ಅಕ್ಷರ ಸಾಲುಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು. ಮನುಷ್ಯರಲ್ಲಿ ಸುಮಾರು 1,600 ಇವೆ. ಕೆಂಪು ಕಣದ ಹಾದಿಯಲ್ಲಿ ಮುಖ್ಯವಾದದ್ದು ಗಾಟಾ1. ಹೆಸರೇ ಹೇಳುವ ಹಾಗೆ ಅದು ಹುಡುಕುವುದು `GATA` ಎಂಬ ಸಾಲನ್ನು. ಸ್ವಲ್ಪ ನಿಖರವಾಗಿ ಹೇಳಿದರೆ ಅದಕ್ಕೆ ಮುಂಚೆ A ಅಥವಾ T, ಅದಾದ ಮೇಲೆ A ಅಥವಾ G ಇರಬೇಕು.

ಒಂದು ಲೆಕ್ಕ ಹಾಕೋಣ. ಇಂಥ ಆರಕ್ಷರ ಆಕಸ್ಮಿಕವಾಗಿ ಸಿಗುವುದು 1,024 ಜಾಗಕ್ಕೆ ಒಂದು ಸಲ. ಎರಡೂ ಎಳೆ ಲೆಕ್ಕಕ್ಕೆ ತಗೊಂಡರೆ 512ಕ್ಕೆ ಒಂದು. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಅಂದರೆ 60 ಲಕ್ಷದಷ್ಟು ಗಾಟಾ ಜಾಗ! ಗಾಟಾ1 ನಿಜವಾಗಿ ಕೂರುವುದು ಇದರಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಹೀಗಾಗಿ ಅಕ್ಷರ ಸಾಲು ಇದ್ದರೆ ಸಾಲದು. ಬೇರೆ ಏನೋ ಬೇಕು.

ಬೇಕಾದದ್ದು ಜೊತೆಗಾರರು. ಕೆಂಪು ಕಣದ ಎನ್‌ಹ್ಯಾನ್ಸರುಗಳಲ್ಲಿ ಗಾಟಾ1 ಪಕ್ಕದಲ್ಲಿ ಟಾಲ್1 ಎಂಬ ಇನ್ನೊಂದು ಫ್ಯಾಕ್ಟರ್ ಕೂರುತ್ತದೆ. `GATA`ಕ್ಕೆ ಎಂಟೊಂಬತ್ತು ಅಕ್ಷರ ಮುಂಚೆ ಒಂದು `CTG` ಇದ್ದರೆ ಇಬ್ಬರೂ ಒಟ್ಟಿಗೆ ಚೆನ್ನಾಗಿ ಹಿಡಿಯುತ್ತಾರೆ. ಬ್ಯಾಂಕ್ ಲಾಕರ್ ತೆಗೆಯುವ ಹಾಗೆ: ನಿಮ್ಮ ಕೀಲಿ ಒಂದರಿಂದಲೇ ಬಾಗಿಲು ತೆರೆಯುವುದಿಲ್ಲ, ಬ್ಯಾಂಕಿನವರ ಕೀಲಿಯೂ ಬೇಕು. ಗಾಟಾ1 ಕೆಂಪು ಕಣದ ಸೊತ್ತೇನೂ ಅಲ್ಲ, ಪ್ಲೇಟ್ಲೆಟ್ ತಯಾರಿಸುವ ಕಣದಲ್ಲೂ ಮಾಸ್ಟ್ ಕಣದಲ್ಲೂ ಇರುತ್ತದೆ. ಟಾಲ್1 ಬೇರೆ ಕಡೆಗಳಲ್ಲೂ ಸಿಗುತ್ತದೆ. ಕೆಎಲ್‌ಎಫ್1 ಎಂಬ ಮೂರನೆಯದು ಹೆಚ್ಚುಕಮ್ಮಿ ಕೆಂಪು ಕಣದಲ್ಲೇ ಇರುತ್ತದೆ. ಅದು ಬಿಸಿಎಲ್11ಎಯ ಪ್ರೊಮೋಟರಿನಲ್ಲೇ ಕೂತು ಜೀನನ್ನು ಎತ್ತಿಹಿಡಿಯುತ್ತದೆ. ಹಾಗಾಗಿ ಪ್ರೊಮೋಟರಿಗೆ ಅಂಗಾಂಶದ ಪರಿವೆಯೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಈ ಎಲ್ಲರೂ ಒಂದೇ ಕಣದಲ್ಲಿ, ಒಂದೇ ಹೊತ್ತಿನಲ್ಲಿ, ಬೇಕಾದಷ್ಟು ಪ್ರಮಾಣದಲ್ಲಿ ಸೇರುವುದು ಕೆಂಪು ಕಣದ ಹಾದಿಯಲ್ಲಿ ಮಾತ್ರ. ಅಂಗಾಂಶದ ಗುರುತು ಇರುವುದು ಆ ಕೂಟದಲ್ಲಿ, ಯಾರೋ ಒಬ್ಬರಲ್ಲಿ ಅಲ್ಲ.

ಈ ಜೊತೆಗಾರಿಕೆಗೆ ಮನುಷ್ಯರಿಂದಲೇ ಸಿಕ್ಕ ಸಾಕ್ಷಿಯೂ ಇದೆ. ಕೆಲವರಲ್ಲಿ ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಸ್ವಲ್ಪ ಜಾಸ್ತಿ ಇರುತ್ತದೆ. ಅವರ ಡಿಎನ್‌ಎ ಹೋಲಿಸಿ ನೋಡಿದಾಗ ಬೆರಳು ತೋರಿದ್ದು ಇದೇ ಇಂಟ್ರಾನಿನ ಕಡೆಗೆ. ಅಲ್ಲಿನ ಒಂದು ವ್ಯತ್ಯಾಸ, +62ರಲ್ಲಿ ಇರುವುದು, ಟಾಲ್1 ಹಿಡಿಯುವ `CTG`ಯ G ಅಕ್ಷರವನ್ನು T ಮಾಡುತ್ತದೆ. `GATA` ಹಾಗೇ ಇದೆ. ಆದರೂ ಗಾಟಾ1, ಟಾಲ್1 ಎರಡರ ಹಿಡಿತವೂ ಸಡಿಲವಾಗುತ್ತದೆ, ಬಿಸಿಎಲ್11ಎ ಸ್ವಲ್ಪ ಇಳಿಯುತ್ತದೆ, ಗಾಮಾ ಸ್ವಲ್ಪ ಏರುತ್ತದೆ. ಒಬ್ಬರ ಕೀಲಿ ಕೆಟ್ಟರೆ ಇನ್ನೊಬ್ಬರಿಗೂ ಕಷ್ಟ.

ಎನ್‌ಹ್ಯಾನ್ಸರ್ ಪ್ರೊಮೋಟರಿನಿಂದ 58 ಸಾವಿರ ಅಕ್ಷರ ದೂರ ಇದ್ದರೂ ಮಾತು ತಲುಪುವುದು ಹೇಗೆ? ಅಷ್ಟು ಡಿಎನ್‌ಎಯನ್ನು ನೆಟ್ಟಗೆ ಎಳೆದರೆ ಸುಮಾರು 20 ಮೈಕ್ರೋಮೀಟರ್ ಆಗುತ್ತದೆ. ಜೀವಕೋಶದ ಕೇಂದ್ರವೇ ಸಾಮಾನ್ಯವಾಗಿ ಅಷ್ಟು ಅಗಲ ಇರುವುದಿಲ್ಲ. ನಿಜದಲ್ಲಿ ಡಿಎನ್‌ಎ ನೆಟ್ಟಗಿರುವುದಿಲ್ಲ, ಬಾಗಿ ಕುಣಿಕೆಯಾಗುತ್ತದೆ. ದೂರದ ಎರಡು ಜಾಗ ಅಕ್ಕಪಕ್ಕ ಬರುತ್ತವೆ. ಕೆಂಪು ಕಣಗಳಲ್ಲಿ ಬಿಸಿಎಲ್11ಎಯ ಎನ್‌ಹ್ಯಾನ್ಸರ್ ಮತ್ತು ಪ್ರೊಮೋಟರ್ ಹೀಗೆ ಹತ್ತಿರ ಬರುವುದನ್ನು ಅಳೆದು ನೋಡಿದ್ದಾರೆ. ಗಾಟಾ1 ಮತ್ತು ಟಾಲ್1 ಜೊತೆ ಎಲ್‌ಡಿಬಿ1 ಎಂಬ ಇನ್ನೊಂದು ಪ್ರೋಟೀನ್ ಬರುತ್ತದೆ. ಅದು ನೇರವಾಗಿ ಡಿಎನ್‌ಎ ಹಿಡಿಯುವುದಿಲ್ಲ, ಆದರೆ ಒಂದು ಎಲ್‌ಡಿಬಿ1 ಇನ್ನೊಂದು ಎಲ್‌ಡಿಬಿ1 ಜೊತೆ ಕೈ ಹಿಡಿಯುತ್ತದೆ. ಕುಣಿಕೆಯ ಗಂಟು ಅದೇ. 2012ರಲ್ಲಿ ಬೀಟಾ ಗ್ಲೋಬಿನ್ ಜೀನಿನ ಮೇಲೆ ಒಂದು ಒಳ್ಳೆಯ ಪ್ರಯೋಗ ನಡೆಯಿತು. ಗಾಟಾ1 ಇಲ್ಲದ ಕಣಗಳಲ್ಲಿ ಕುಣಿಕೆ ಆಗುವುದಿಲ್ಲ, ಜೀನ್ ಆನ್ ಆಗುವುದಿಲ್ಲ. ಅಂಥ ಕಣದಲ್ಲಿ ಎಲ್‌ಡಿಬಿ1 ಅನ್ನು ಕೃತಕವಾಗಿ ಬೀಟಾ ಪ್ರೊಮೋಟರಿಗೆ ಕಟ್ಟಿದರು. ಕುಣಿಕೆ ಆಯಿತು, ಜೀನ್ ಬಹುಮಟ್ಟಿಗೆ ಆನ್ ಆಯಿತು. ಹತ್ತಿರ ಬಂದದ್ದು ಜೀನ್ ಆನ್ ಆದ ಪರಿಣಾಮ ಅಲ್ಲ, ಕಾರಣ ಅಂತ ಅಲ್ಲಿ ಕಂಡಿತು.

ಇನ್ನು ಕತ್ತರಿಸಿದ ಜಾಗ. 2015ರಲ್ಲಿ ಅದೇ ಬಾಸ್ಟನ್ ಗುಂಪು ಮೂರೂ ತುಂಡುಗಳ ಉದ್ದಕ್ಕೂ, ಎಲ್ಲಿ ಕತ್ತರಿಸಬೇಕು ಅಂತ ಕತ್ತರಿಗೆ ದಾರಿ ತೋರಿಸುವ ಕ್ರಿಸ್ಪರ್ ಗೈಡುಗಳನ್ನು ಒತ್ತೊತ್ತಾಗಿ ಹಾಕಿ, ಪ್ರತಿ ಕಣದಲ್ಲಿ ಒಂದೊಂದು ಕಡೆ ಕತ್ತರಿಸಿತು. ಆಮೇಲೆ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿದ ಕಣಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಯಾವ ಗೈಡ್ ಇದೆ ಅಂತ ಓದಿತು. ಬಹುಪಾಲು ಗೈಡುಗಳಿಂದ ಏನೂ ಆಗಲಿಲ್ಲ. +58ರ ನಡುವೆ ಒಂದು ಚಿಕ್ಕ ಜಾಗದಲ್ಲಿ ಮಾತ್ರ ಏಟು ಜೋರಾಗಿ ಬಿತ್ತು. ಅಲ್ಲಿ ಒಂದು ಗಾಟಾ ಸಾಲು ಇತ್ತು. ಚಿಕಿತ್ಸೆಗೆ ಬಳಸುವ ಗೈಡ್ ಹಿಡಿಯುವುದೂ ಆ ಜಾಗವನ್ನೇ:

```
ಗೈಡ್ ಹಿಡಿಯುವ ಸಾಲು : CTAACAGTTGCTTTTAT | CAC
ಎದುರು ಎಳೆ         : GTG | ATAAAAGCAACTGTTAG
```

ಎದುರು ಎಳೆಯನ್ನು ಗೆರೆ ಬಿಟ್ಟು ಓದಿ. `GTGATAAAAG`. ಅದರೊಳಗೆ `TGATAA` ಕಾಣುತ್ತಲ್ಲ? ಅದೇ ಗಾಟಾ1 ಕೂರುವ ಜಾಗ. ಕತ್ತರಿ ಬೀಳುವುದು ಸರಿಯಾಗಿ G ಮತ್ತು A ನಡುವೆ. ಕಣ ಅದನ್ನು ಅವಸರದಲ್ಲಿ ಜೋಡಿಸುವಾಗ ಕೆಲವು ಅಕ್ಷರ ಬಿಟ್ಟುಹೋಗುತ್ತದೆ ಅಥವಾ ಹೆಚ್ಚು ಸೇರಿಕೊಳ್ಳುತ್ತದೆ. `GATA` ಹಾಳಾಗುತ್ತದೆ. ಗಾಟಾ1 ಅಲ್ಲಿ ಸರಿಯಾಗಿ ಕೂರುವುದಿಲ್ಲ, +58 ದುರ್ಬಲವಾಗುತ್ತದೆ, ಬಿಸಿಎಲ್11ಎ ಇಳಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಆದರೆ ಗಾಮಾ ಎದ್ದು ಬರುವಷ್ಟು ಇಳಿಯುತ್ತದೆ.

ಇಲ್ಲಿ ಎಚ್ಚರ ತಪ್ಪಿದರೆ ಮೋಸ ಹೋಗುವ ಒಂದು ವಿಷಯ ಇದೆ. ಇಲಿಯಲ್ಲೂ ಇದೇ ಎನ್‌ಹ್ಯಾನ್ಸರ್ ಇದೆ, ಅಕ್ಷರಗಳೂ ಸಾಕಷ್ಟು ಹೋಲುತ್ತವೆ. ಆದರೆ ಇಲಿಯಲ್ಲಿ ಹೆಚ್ಚು ಭಾರ ಹೊರುವುದು +62, ಮನುಷ್ಯರಲ್ಲಿ +58. ಬರೀ ಇಲಿಯನ್ನು ನೋಡಿ ಗೈಡ್ ಆರಿಸಿದ್ದರೆ ತಪ್ಪು ಜಾಗಕ್ಕೆ ಹೋಗುತ್ತಿದ್ದರು. ಅದಕ್ಕೇ ಮೇಲಿನ ಪ್ರಯೋಗವನ್ನು ಮನುಷ್ಯರ ಕೆಂಪು ಕಣದ ಪೂರ್ವಜರಲ್ಲೇ ಮಾಡಬೇಕಾಯಿತು. ಇನ್ನೊಂದು: ಮೂರೂ ಜಾಗ ನಕ್ಷೆಯಲ್ಲಿ ಒಂದೇ ಥರ ತೆರೆದು ಕಂಡರೂ ಕತ್ತರಿಸಿದಾಗ ಪರಿಣಾಮ ಒಂದೇ ಥರ ಇರಲಿಲ್ಲ. ತೆರೆದಿರುವುದು ಬೇರೆ, ಅನಿವಾರ್ಯ ಆಗಿರುವುದು ಬೇರೆ. ತೆಗೆದು ನೋಡದೆ ಅದು ತಿಳಿಯುವುದಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ರೋಗಿಯ ರಕ್ತದಿಂದ ಕಾಂಡಕೋಶ ತೆಗೆದು, ಕತ್ತರಿಸಿ, ವಾಪಸ್ ಕೊಡುತ್ತಾರೆ. ಆ ಕಾಂಡಕೋಶದಿಂದ ಹುಟ್ಟುವ ಕೆಂಪು ಕಣದ ಪೂರ್ವಜ, ಬಿ ಕಣ, ಟಿ ಕಣ, ನ್ಯೂಟ್ರೋಫಿಲ್ ಎಲ್ಲದರಲ್ಲೂ ಆ ಗುರುತು ಇರುತ್ತದೆ. ಆದರೆ ಬಿ ಕಣ ಬಿಸಿಎಲ್11ಎಯನ್ನು ಆನ್ ಮಾಡಲು ಈ ಜಾಗವನ್ನು ಬಳಸುವುದೇ ಇಲ್ಲ. ಅಲ್ಲಿ ಗಾಟಾ1 ಇಲ್ಲ, ಈ ಜಾಗ ಸುತ್ತಿಕೊಂಡು ಮುಚ್ಚಿರುತ್ತದೆ. ಅದು ಬೇರೆ ಫ್ಯಾಕ್ಟರುಗಳಿಂದ, ಬೇರೆ ಎನ್‌ಹ್ಯಾನ್ಸರಿನಿಂದ ಅದೇ ಪ್ರೊಮೋಟರನ್ನು ನಡೆಸುತ್ತದೆ. ಪ್ರೋಟೀನ್ ಬರೆಯುವ ಅಕ್ಷರಗಳಿಗೆ ಕತ್ತರಿ ತಾಗಿಲ್ಲವಾದ್ದರಿಂದ ಅದಕ್ಕೆ ಸಿಗುವ ಬಿಸಿಎಲ್11ಎ ಕೂಡ ಸರಿಯಾಗೇ ಇರುತ್ತದೆ. 2016ರಲ್ಲಿ ಈ ಎನ್‌ಹ್ಯಾನ್ಸರನ್ನೇ ಪೂರ್ತಿ ತೆಗೆದ ಇಲಿಗಳನ್ನು ಪರೀಕ್ಷಿಸಿದರು. ಕೆಂಪು ಕಣದ ಪೂರ್ವಜರಲ್ಲಿ ಬಿಸಿಎಲ್11ಎ ಹೋಗಿತ್ತು. ಬಿ ಕಣ, ಕಾಂಡಕೋಶ, ಮೆದುಳು ಮೂರರಲ್ಲೂ ಉಳಿದಿತ್ತು.

ಈ ಚಿಕಿತ್ಸೆಗೆ, ಕ್ಯಾಸ್‌ಜೆವಿ ಅಂತ ಹೆಸರು, 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಸಾಕಷ್ಟು ಕಾಲ ಗಮನಿಸಿದ 31 ಸಿಕಲ್ ಸೆಲ್ ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಿಕ್ಕಟ್ಟು ಬರಲಿಲ್ಲ. ಎಚ್.ಡಿ. ಕೋಟೆಯಿಂದ ಚಾಮರಾಜನಗರದವರೆಗಿನ ಹಾಡಿಗಳಲ್ಲೂ ಸಿಕಲ್ ಸೆಲ್ ಇದೆ. ಆದರೆ ಅಲ್ಲಿಗೆ ಈ ಚಿಕಿತ್ಸೆ ತಲುಪುವುದು ಸುಲಭವಿಲ್ಲ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಬೆಲೆಯಷ್ಟೇ ಅಲ್ಲ, ಹೊಸ ಕಣಗಳಿಗೆ ಜಾಗ ಮಾಡಲು ಬುಸಲ್ಫಾನ್ ಎಂಬ ಕಟುವಾದ ಔಷಧ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು. ಆ ಔಷಧಕ್ಕೆ ಅಂಗಾಂಶದ ಭೇದ ಗೊತ್ತಿಲ್ಲ. ವಾರಗಟ್ಟಲೆ ಸೋಂಕಿನ ಭಯ ಇರುತ್ತದೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ರೋಗಿಯಲ್ಲಿ ಕಾಣುವ ಅಡ್ಡ ಪರಿಣಾಮಗಳ ದೊಡ್ಡ ಪಾಲು ಬರುವುದು ಈ ಔಷಧದಿಂದ, `GATA`ದ ಕತ್ತರಿಯಿಂದಲ್ಲ.